ಗೌಂಡಿಯ ಸಂಬಳದ ಚೀಟಿ: ಇಪ್ಪತ್ತಾರೋ, ಮೂವತ್ತೋ?

ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಗೌಂಡಿಯೊಬ್ಬರು ತಮ್ಮ ಸಂಬಳದ ಚೀಟಿಯನ್ನು ಮೇಜಿನ ಮೇಲಿಟ್ಟು, "ಸಾಹೇಬರ, ಸರಕಾರದ ದರಕ್ಕಿಂತ ಒಂದೀಟು ಹೆಚ್ಚೇ ಬಂದೈತಿ. ಸರಿ ಐತಲ್ಲ?" ಎಂದು ಕೇಳಿದರು. ಅವರು ಮುಂಬಯಿಯಲ್ಲಿ ರೇಲ್ವೆ ಕಟ್ಟಡದ ಗುತ್ತೇದಾರನ ಕೈಕೆಳಗೆ ದುಡಿಯುವವರು. ಗಿರಣಿಯಲ್ಲಿ ಇಂಥ ಚೀಟಿಗಳನ್ನು ಬರೆದೇ ದಿನ ಕಳೆಯುವ ನಾವು ಪೆನ್ಸಿಲು ಹಿಡಿದು ಕೂತೆವು. ಆ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಯಾರ ದರ ಎಂಬುದನ್ನು ನೋಡಬೇಕು. ರೇಲ್ವೆ, ದೊಡ್ಡ ಬಂದರು, ಗಣಿ ಮೊದಲಾದವುಗಳ ಕೆಲಸಕ್ಕೆ ಕೇಂದ್ರ ಸರಕಾರದ ದರ. ಅದೇ ಗೌಂಡಿ ಮುಂಬಯಿಯಲ್ಲಿ ಖಾಸಗಿ ಕಟ್ಟಡದ ಮೇಲಿದ್ದರೆ ಮಹಾರಾಷ್ಟ್ರ ಸರಕಾರದ ದರ. ಅಲ್ಲಿ ತುಟ್ಟಿಭತ್ತೆಗೆ 'ವಿಶೇಷ ಭತ್ತೆ' ಎಂದು ಹೆಸರು, ಅದು ಜನವರಿ ಮತ್ತು ಜುಲೈಗಳಲ್ಲಿ ಬದಲಾಗುತ್ತದೆ. ನಮ್ಮ ಗೌಂಡಿಯವರದು ಕೇಂದ್ರದ ದರ.

ಈ ದರಕ್ಕೆ ಎರಡು ಭಾಗ. ಮೊದಲನೆಯದು ಮೂಲವೇತನ. ಕಟ್ಟಡ ಕೆಲಸದ ಕುಶಲ ಕೆಲಸಗಾರನಿಗೆ ಮುಂಬಯಿಯಂಥ 'ಎ' ವರ್ಗದ ಊರಿನಲ್ಲಿ ದಿನಕ್ಕೆ 637 ರೂಪಾಯಿ ಎಂದು 2017ರ ಜನವರಿಯಲ್ಲಿ ಗೊತ್ತುಮಾಡಿದರು. ಎರಡನೆಯದು ಬದಲಾಗುವ ತುಟ್ಟಿಭತ್ತೆ. ಕೈಗಾರಿಕಾ ಕೆಲಸಗಾರರು ಕೊಳ್ಳುವ ಸಾಮಾನುಗಳ ಬೆಲೆಸೂಚಿ ಏರಿದಂತೆ ಇದು ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು ಪರಿಷ್ಕರಣೆಯಾಗುತ್ತದೆ. ಚೀಟಿ 2024ರ ನವೆಂಬರಿನದು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಆದೇಶದಂತೆ ಭತ್ತೆ 317 ರೂಪಾಯಿ. ಎರಡೂ ಕೂಡಿದರೆ ದಿನಕ್ಕೆ 954. ನೀವು ಚೀಟಿ ನೋಡುವಾಗ ಆ ತಿಂಗಳಿಗೆ ಅನ್ವಯಿಸುವ ಆದೇಶವನ್ನೇ ಹಿಡಿಯಬೇಕು.

ಇನ್ನು ತಿಂಗಳಿಗೆ ಎಷ್ಟು? ದಿನದ ದರದಲ್ಲಿಯೇ ವಾರದ ರಜೆಯ ಕೂಲಿಯೂ ಅಡಗಿದೆ. ಆದುದರಿಂದ ತಿಂಗಳ ದರವೆಂದರೆ ದಿನದ ದರದ 26 ಪಟ್ಟು. 954ನ್ನು 26ರಿಂದ ಗುಣಿಸಿದರೆ 24,804 ರೂಪಾಯಿ.

ಆ ನವೆಂಬರಿನಲ್ಲಿ ನಾಲ್ಕು ಭಾನುವಾರಗಳು. ನಮ್ಮ ಗೌಂಡಿಯವರು ಉಳಿದ 26 ದಿನವೂ ದುಡಿದಿದ್ದರು. ಚೀಟಿಯಲ್ಲಿ ಇದ್ದುದು ಹೀಗೆ: ಮೂಲವೇತನ 14,353.73, ತುಟ್ಟಿಭತ್ತೆ 7,143.07; ಹದಿನಾಲ್ಕು ತಾಸಿನ ಓವರ್‌ಟೈಮು 3,339; ಒಟ್ಟು 24,835.80. ಒಟ್ಟು ಮೊತ್ತ 24,804ಕ್ಕಿಂತ 31 ರೂಪಾಯಿ 80 ಪೈಸೆ ಹೆಚ್ಚು. ಅವರು ಸಮಾಧಾನಪಟ್ಟದ್ದು ಇದನ್ನು ನೋಡಿಯೇ.

ಆದರೆ ಓವರ್‌ಟೈಮು ಹೆಚ್ಚಿನ ತಾಸುಗಳ ದುಡ್ಡು. ಅದನ್ನು ಕನಿಷ್ಠ ಕೂಲಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದನ್ನು ಹೊಡೆದುಹಾಕಿದರೆ ಉಳಿಯುವುದು 21,496.80. ಇದನ್ನು 26ರಿಂದ ಭಾಗಿಸಿದೆವು, ದಿನಕ್ಕೆ 826.80 ಬಂತು. 954 ಎಲ್ಲಿ ಹೋಯಿತು? 24,804ನ್ನು 30ರಿಂದ ಭಾಗಿಸಿ ನೋಡಿದೆವು. ಅದೇ 826.80! ಗುತ್ತೇದಾರನ ಕಾರಕೂನ ತಿಂಗಳ ದರವನ್ನು ಮೂವತ್ತು ದಿನಕ್ಕೆ ಹಂಚಿ, ಹಾಜರಿಯ 26 ದಿನಕ್ಕೆ ಮಾತ್ರ ಕೊಟ್ಟಿದ್ದ. ಹೀಗೆ ನಾಲ್ಕು ರಜೆಯ ಕೂಲಿ ಮಾಯವಾಗಿತ್ತು. ಕೊರತೆ 3,307 ರೂಪಾಯಿ 20 ಪೈಸೆ. ಓವರ್‌ಟೈಮು ಸೇರಿ ಬರಬೇಕಾದದ್ದು 28,143.

ಒಂದು ಎಚ್ಚರ. ಚೀಟಿಯಲ್ಲಿ ಭತ್ತೆಯ ಸಾಲು ಬೇರೆಯಾಗಿಲ್ಲವೆಂಬ ಮಾತ್ರಕ್ಕೆ ಜಗಳಕ್ಕೆ ನಿಲ್ಲಬಾರದು. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ, ಮೂಲವೇತನ ಮತ್ತು ಭತ್ತೆ ಎಂದು ಒಡೆದೇ ಕೊಡಬೇಕೆಂದಿಲ್ಲ, ಒಟ್ಟು ಕೂಲಿ ಗೊತ್ತಾದ ದರಕ್ಕೆ ಕಡಿಮೆಯಾಗಬಾರದು ಎಂದಿದೆ. ಹಾಗೆಯೇ ಪ್ರಾವಿಡೆಂಟ್ ಫಂಡಿಗೆ ಕಡಿದ ನಿಮ್ಮ ಪಾಲು ಕೊರತೆಯಲ್ಲ. ಕಡಿತಕ್ಕೆ ಮೊದಲಿನ ಮೊತ್ತವನ್ನೇ ಹೋಲಿಸಬೇಕು.

ಹುದ್ದೆಯ ಹೆಸರನ್ನೂ ಓದಿರಿ. ಗೋಡೆ ಕಟ್ಟುವವನನ್ನು ಚೀಟಿಯಲ್ಲಿ ಬಿಗಾರಿ ಎಂದು ಬರೆದರೆ ಅದೇ ಆದೇಶದಂತೆ ದಿನದ ದರ 783ಕ್ಕೆ ಇಳಿಯುತ್ತದೆ.

ಕೊರತೆ ಕಂಡರೆ ಚೀಟಿಗಳನ್ನೂ ಹಾಜರಿಯ ನಕಲನ್ನೂ ಜೋಪಾನವಾಗಿಟ್ಟು, ಕೇಂದ್ರದ ಕೆಲಸವಾದರೆ ಕೇಂದ್ರ ಲೇಬರ್ ಕಮಿಷನರ ಕಚೇರಿಗೆ ಹೋಗಬೇಕು. 1948ರ ಕಾಯದೆಯಲ್ಲಿ ಅರ್ಜಿಗೆ ಆರು ತಿಂಗಳ ಗಡುವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಗಡುವು ಮೂರು ವರ್ಷ. ನಮ್ಮ ಗೌಂಡಿಯವರು ಹಳೆಯ ಚೀಟಿಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿಟ್ಟಿದ್ದಾರೆ. ಮುಂದಿನ ಭಾನುವಾರ ಅವನ್ನೂ ಬಿಚ್ಚಿ ಕೂರಲಿದ್ದೇವೆ.