ಗೋಡೆಯ ಮರೆ ಸೇರಿದ ಮೇಲೂ ತಗಲುವ ಗುಂಡು

ಆನ್‌ಲೈನ್ ಶೂಟಿಂಗ್ ಆಟ ಆಡುವವರಿಗೆ ಪರದೆಯ ಮೇಲೆ ಕಾಣುವ ಎದುರಾಳಿ, ಆ ಕ್ಷಣಕ್ಕೆ ನಿಜವಾಗಿ ಅಲ್ಲಿ ಇರುವುದಿಲ್ಲ. ಅವನು ಸ್ವಲ್ಪ ಹೊತ್ತಿನ ಮುಂಚೆ ಎಲ್ಲಿದ್ದನೋ ಅದನ್ನು ಪರದೆ ತೋರಿಸುತ್ತಿರುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಸರ್ವರ್ ಕಳಿಸಿದ ಮಾಹಿತಿ ಆಟಗಾರನ ಕಂಪ್ಯೂಟರಿಗೆ ಬರಲು ಸಮಯ ಬೇಕು, ಇದು ಮೊದಲನೆಯದು. ಎರಡನೆಯದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ: ಬಂದ ಮಾಹಿತಿಯನ್ನು ಕಂಪ್ಯೂಟರ್ ಕೂಡಲೇ ತೋರಿಸದೆ, ಬೇಕೆಂದೇ ಕೊಂಚ ತಡೆದು ತೋರಿಸುತ್ತದೆ.

ಹೀಗೆ ತಡೆಯುವುದೇಕೆ ಎಂಬುದನ್ನು ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್‌ನಲ್ಲಿ ನೋಡಬಹುದು. 2004ರಲ್ಲಿ ಬಂದ ‘ಕೌಂಟರ್-ಸ್ಟ್ರೈಕ್: ಸೋರ್ಸ್’ ಇದೇ ಎಂಜಿನ್‌ನ ಆಟ. ಮೂಲ ಹೊಂದಾಣಿಕೆಯಲ್ಲಿ ಸರ್ವರ್ ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೊಮ್ಮೆ, ಎಲ್ಲ ಆಟಗಾರರ ಸ್ಥಾನವನ್ನು ಕಳಿಸುತ್ತದೆ. ಬಂದದ್ದನ್ನು ಬಂದ ಹಾಗೆಯೇ ತೋರಿಸಿದರೆ ಎದುರಾಳಿ ಓಡುವಂತೆ ಕಾಣದೆ ಒಂದು ಜಾಗದಿಂದ ಇನ್ನೊಂದಕ್ಕೆ ಕುಪ್ಪಳಿಸುವಂತೆ ಕಾಣುತ್ತಾನೆ. ಆದ್ದರಿಂದ ಎಂಜಿನ್ 100 ಮಿಲಿಸೆಕೆಂಡು ಹಿಂದೆ ಉಳಿದು, ಕೈಯಲ್ಲಿರುವ ಎರಡು ಸ್ಥಾನಗಳ ನಡುವಿನ ಚಲನೆಯನ್ನು ನಯವಾಗಿ ತುಂಬಿಕೊಡುತ್ತದೆ. ಇದಕ್ಕೆ ಇಂಟರ್‌ಪೋಲೇಶನ್ ಎಂದು ಹೆಸರು. ನಡುವೆ ಒಂದು ಪ್ಯಾಕೆಟ್ ಕಳೆದುಹೋದರೂ ಚಲನೆ ಕಡಿಯದಿರಲಿ ಎಂದು ಇಷ್ಟು ಅಂತರ ಇಟ್ಟುಕೊಂಡಿದ್ದಾರೆ.

ಇನ್ನು ಗುಂಡು ಹಾರಿಸುವ ಕ್ಷಣಕ್ಕೆ ಬರೋಣ. ಶೂಟರ್‌ನಿಂದ ಸರ್ವರ್‌ಗೆ ಮಾಹಿತಿ ಹೋಗಲು 50 ಮಿಲಿಸೆಕೆಂಡು, ಬರಲು 50 ಮಿಲಿಸೆಕೆಂಡು, ಅಂದರೆ ಪಿಂಗ್ 100 ಎಂದಿಟ್ಟುಕೊಳ್ಳೋಣ. ಸರ್ವರ್ ಗಡಿಯಾರದಲ್ಲಿ 10.00 ಸೆಕೆಂಡು ಆಗಿದ್ದಾಗ ಎದುರಾಳಿ ಬಯಲಲ್ಲಿ ಓಡುತ್ತಿದ್ದಾನೆ. ಆ ಸ್ಥಾನ ಶೂಟರ್‌ನ ಕಂಪ್ಯೂಟರ್ ತಲುಪುವುದು 10.05ಕ್ಕೆ. ಇಂಟರ್‌ಪೋಲೇಶನ್ ತಡೆ ಸೇರಿ ಅದು ಪರದೆಗೆ ಬರುವುದು 10.15ಕ್ಕೆ. ಶೂಟರ್ ಸರಿಯಾಗಿ ಗುರಿಯಿಟ್ಟು ಅದೇ ಕ್ಷಣಕ್ಕೆ ಗುಂಡಿ ಒತ್ತಿದರೂ ಆ ಸುದ್ದಿ ಸರ್ವರ್ ಮುಟ್ಟುವಾಗ 10.20 ಆಗಿರುತ್ತದೆ. ಶೂಟರ್ ಕಂಡ ದೃಶ್ಯ ಅಷ್ಟರಲ್ಲಿ 200 ಮಿಲಿಸೆಕೆಂಡು ಹಳೆಯದು. ಈ ಆಟದಲ್ಲಿ ಚಾಕು ಹಿಡಿದು ಓಡುವವನ ವೇಗ ಸೆಕೆಂಡಿಗೆ 250 ಯೂನಿಟ್, ಅವನ ದೇಹದ ಅಗಲ 32 ಯೂನಿಟ್. 200 ಮಿಲಿಸೆಕೆಂಡಿನಲ್ಲಿ ಅವನು 50 ಯೂನಿಟ್ ಸರಿದಿರುತ್ತಾನೆ. ಸರ್ವರ್ ತನ್ನ ಈಗಿನ ಲೆಕ್ಕದಂತೆ ಗುಂಡನ್ನು ಪರೀಕ್ಷಿಸಿದರೆ, ಎದೆಗೇ ಇಟ್ಟ ಗುರಿಯೂ ಖಾಲಿ ಗಾಳಿಗೆ ಬೀಳುತ್ತದೆ.

ಮೊದಮೊದಲ ಇಂಟರ್‌ನೆಟ್ ಶೂಟಿಂಗ್ ಆಟಗಳಲ್ಲಿ ಆಗುತ್ತಿದ್ದುದು ಇದೇ. ಆಟಗಾರರು ತಮ್ಮ ಪಿಂಗ್ ಎಷ್ಟೆಂದು ಅಂದಾಜು ಮಾಡಿ, ಎದುರಾಳಿ ಓಡುವ ದಿಕ್ಕಿನಲ್ಲಿ ಅಷ್ಟು ಮುಂದಕ್ಕೆ ಗುರಿಯಿಡಬೇಕಿತ್ತು. ಸಂಪರ್ಕದ ವೇಗ ಬದಲಾದಂತೆ ಆ ಅಂದಾಜೂ ಬದಲಾಗಬೇಕಿತ್ತು. ಗುರಿಯ ಕೌಶಲಕ್ಕಿಂತ ಟೆಲಿಫೋನ್ ಲೈನಿನ ಗುಣವೇ ಗೆಲುವನ್ನು ತೀರ್ಮಾನಿಸುತ್ತಿತ್ತು. ವಾಲ್ವ್‌ನ ಯಾನ್ ಬರ್ನಿಯರ್ ಇದಕ್ಕೆ ತಮ್ಮ ಕಂಪನಿ ಕಂಡುಕೊಂಡ ಪರಿಹಾರವನ್ನು 2001ರಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ಗಾಗಿ ಬರೆದ ಪ್ರಬಂಧದಲ್ಲಿ ವಿವರಿಸಿದರು. ಲ್ಯಾಗ್ ಕಾಂಪೆನ್ಸೇಶನ್ ಎಂದು ಕರೆಯುವುದು ಅದನ್ನೇ.

ವಿಧಾನ ಹೀಗಿದೆ. ಪ್ರತಿ ಟಿಕ್‌ಗೆ, ಅಂದರೆ ಲೆಕ್ಕದ ಪ್ರತಿ ಸುತ್ತಿಗೆ, ಸರ್ವರ್ ಎಲ್ಲ ಆಟಗಾರರ ಸ್ಥಾನ ಮತ್ತು ದೇಹದ ಭಂಗಿಯನ್ನು ಬರೆದಿಟ್ಟುಕೊಳ್ಳುತ್ತದೆ. ಮೂಲ ಹೊಂದಾಣಿಕೆಯಲ್ಲಿ ಕಳೆದ ಒಂದು ಸೆಕೆಂಡಿನ ದಾಖಲೆ ಅದರ ಬಳಿ ಇರುತ್ತದೆ. ಗುಂಡಿನ ಸುದ್ದಿ ಬಂದೊಡನೆ, ಈ ಶೂಟರ್ ಆಗ ಯಾವ ಕ್ಷಣದ ದೃಶ್ಯವನ್ನು ನೋಡುತ್ತಿದ್ದ ಎಂದು ಲೆಕ್ಕ ಹಾಕುತ್ತದೆ: ಈಗಿನ ಸಮಯದಿಂದ ಸಂಪರ್ಕದ ವಿಳಂಬವನ್ನೂ ಇಂಟರ್‌ಪೋಲೇಶನ್ ತಡೆಯನ್ನೂ ಕಳೆಯಬೇಕು. ಮೇಲಿನ ಉದಾಹರಣೆಯಲ್ಲಿ 10.20ರಿಂದ 0.20 ಕಳೆದರೆ 10.00. ಶೂಟರ್‌ನನ್ನು ಬಿಟ್ಟು ಉಳಿದವರನ್ನೆಲ್ಲ ಸರ್ವರ್ ಆ ಕ್ಷಣದ ಜಾಗಕ್ಕೆ ಹಿಂದೆ ಸರಿಸಿ, ಗುಂಡಿನ ಗೆರೆ ಯಾರ ಮೈಗೆ ತಾಗುತ್ತದೆ ಎಂದು ನೋಡಿ, ಮರುಗಳಿಗೆಗೆ ಎಲ್ಲರನ್ನೂ ಇದ್ದಲ್ಲಿಗೇ ತಂದು ನಿಲ್ಲಿಸುತ್ತದೆ. ಕ್ರಿಕೆಟ್‌ನ ಥರ್ಡ್ ಅಂಪೈರ್ ರೀಪ್ಲೇ ಹಿಂದಕ್ಕೆ ಓಡಿಸಿ ತೀರ್ಪು ಕೊಡುವಂತೆಯೇ ಇದು, ಆದರೆ ಆಟ ಒಂದು ಕ್ಷಣವೂ ನಿಲ್ಲುವುದಿಲ್ಲ.

ಶೂಟರ್‌ನ ಕಂಪ್ಯೂಟರೇ ‘ತಾಗಿತು’ ಎಂದು ಹೇಳಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಹಾಗೆ ಮಾಡಿದರೆ ತನ್ನ ಕಂಪ್ಯೂಟರಿನ ಪ್ರೋಗ್ರಾಂ ತಿದ್ದಿದವನ ಪ್ರತಿ ಗುಂಡೂ ತಾಗಿಬಿಡುತ್ತದೆ. ತೀರ್ಪು ಸರ್ವರ್‌ನ ಕೈಯಲ್ಲೇ ಇರಬೇಕು ಎಂಬ ಕಾರಣಕ್ಕೇ ಇಷ್ಟೆಲ್ಲ ಕಸರತ್ತು.

ಇದರ ಬೆಲೆ ತೆರುವವನು ಗುಂಡು ತಿನ್ನುವವನು. ಅವನ ಪರದೆಯಲ್ಲಿ ಅವನದೇ ಚಲನೆ ಕೀ ಒತ್ತಿದ ತಕ್ಷಣ ಕಾಣುತ್ತದೆ, ಸರ್ವರ್‌ನ ಉತ್ತರಕ್ಕೆ ಕಾಯುವುದಿಲ್ಲ. ಅವನ ಪಿಂಗ್ ಕೂಡ 100 ಇದ್ದರೆ, ಸರ್ವರ್‌ನಲ್ಲಿ 10.00ಕ್ಕೆ ಅವನಿದ್ದ ಜಾಗವನ್ನು ಅವನ ಪರದೆಯಲ್ಲಿ 9.95ಕ್ಕೇ ದಾಟಿರುತ್ತಾನೆ. ಗುಂಡು ತಾಗಿತೆಂಬ ತೀರ್ಪು 10.20ಕ್ಕೆ ಆಗಿ, ಅವನಿಗೆ ತಿಳಿಯುವುದು 10.25ಕ್ಕೆ. ನಡುವಿನ 300 ಮಿಲಿಸೆಕೆಂಡಿನಲ್ಲಿ ಅವನು 75 ಯೂನಿಟ್, ಅಂದರೆ ತನ್ನ ಮೈಯ ಅಗಲದ ಎರಡು ಪಟ್ಟಿಗೂ ಹೆಚ್ಚು ದೂರ, ಓಡಿರುತ್ತಾನೆ. ಗೋಡೆಯ ಹಿಂದೆ ಪೂರ್ತಿ ಸೇರಿದ ಮೇಲೆ ಸತ್ತುಬಿದ್ದಂತೆ ಅವನಿಗೆ ಕಾಣುತ್ತದೆ. ಗುಂಡು ಗೋಡೆಯನ್ನು ತೂರಿ ಬಂದಿಲ್ಲ, ಮೂಲೆಯಲ್ಲಿ ತಿರುಗಿಯೂ ಬಂದಿಲ್ಲ. ಶೂಟರ್ ನೋಡಿದಾಗ ಅವನು ನಿಜಕ್ಕೂ ಬಯಲಲ್ಲೇ ಇದ್ದ.

ಇಲ್ಲಿ ಹೆಚ್ಚಿನ ಆಟಗಾರರು ತಪ್ಪು ತಿಳಿಯುವ ಸಂಗತಿಯೊಂದಿದೆ. ತನ್ನ ಪಿಂಗ್ ಕಡಿಮೆಯಿದ್ದರೆ ಹೀಗಾಗದು ಎಂಬ ನಂಬಿಕೆ ಸರಿಯಲ್ಲ. ಸರ್ವರ್ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದು ಶೂಟರ್‌ನ ಪಿಂಗ್‌ಗೆ ಸೇರಿದ್ದು. ಶೂಟರ್‌ನ ಪಿಂಗ್ 300 ಆದರೆ ಸರ್ವರ್ 400 ಮಿಲಿಸೆಕೆಂಡು, ಅಂದರೆ 100 ಯೂನಿಟ್ ಓಟದಷ್ಟು, ಹಿಂದೆ ಸರಿಯಬೇಕಾಗುತ್ತದೆ. ಬರ್ನಿಯರ್ ಈ ಅನ್ಯಾಯವನ್ನು ಮರೆಮಾಚಲಿಲ್ಲ. ಗುರಿಯಿಟ್ಟಲ್ಲಿಗೆ ಗುಂಡು ಬೀಳದ ಆಟಕ್ಕಿಂತ ಇದು ಮೇಲು ಎಂಬುದು ಅವರ ವಾದ, ಮತ್ತು ಆ ವಾದ ಸರಿಯಾದದ್ದು. ಗುರಿ ತಪ್ಪುವುದು ಪ್ರತಿ ಗುಂಡಿಗೂ ಕಾಡುವ ತೊಂದರೆ, ಮರೆಯಲ್ಲಿ ಸಾಯುವುದು ಆಗೊಮ್ಮೆ ಈಗೊಮ್ಮೆ ಬರುವಂಥದ್ದು. ಆದರೂ ಹಿಂದೆ ಸರಿಯಲು ಒಂದು ಮಿತಿ ಬೇಕೇ ಬೇಕು. ಸೋರ್ಸ್ ಎಂಜಿನ್‌ನಲ್ಲಿ `sv_maxunlag` ಎಂಬ ಹೊಂದಾಣಿಕೆ ಆ ಮಿತಿಯನ್ನು ಹೇಳುತ್ತದೆ, ಅದರ ಮೂಲ ಬೆಲೆ ಒಂದು ಸೆಕೆಂಡು. ಗಂಭೀರ ಆಟಕ್ಕೆ ಇದು ತೀರಾ ಉದಾರ.

ಎಲ್ಲ ಆಯುಧಗಳಿಗೂ ಈ ಉಪಚಾರ ಸಿಗುವುದಿಲ್ಲ. ಬಂದೂಕಿನ ಗುಂಡು ಒತ್ತಿದ ಕ್ಷಣಕ್ಕೇ ತಾಗುವ ಗೆರೆಯಾದ್ದರಿಂದ ಹಳೆಯ ಕ್ಷಣಕ್ಕೆ ಹೋಗಿ ಪರೀಕ್ಷಿಸಬಹುದು. ರಾಕೆಟ್ ಹಾಗಲ್ಲ. ಅದು ಎಲ್ಲರಿಗೂ ಕಾಣುವಂತೆ ಗಾಳಿಯಲ್ಲಿ ಹಾರಿಹೋಗುವ ವಸ್ತು, ಅದನ್ನು ನೋಡಿ ಪಕ್ಕಕ್ಕೆ ಜಿಗಿಯುವ ಅವಕಾಶ ಎದುರಾಳಿಗಿರಬೇಕು. ಆದ್ದರಿಂದ ‘ಟೀಮ್ ಫೋರ್ಟ್ರೆಸ್ 2’ರಲ್ಲಿ ರಾಕೆಟ್‌ಗೆ ಲ್ಯಾಗ್ ಕಾಂಪೆನ್ಸೇಶನ್ ಇಲ್ಲ. 2016ರ ‘ಓವರ್‌ವಾಚ್’ ಇನ್ನೊಂದು ವಿನಾಯಿತಿ ತಂದಿತು: ಸಾಮಾನ್ಯವಾಗಿ ಶೂಟರ್‌ನ ಪರ ನಿಲ್ಲುವ ಆ ಆಟ, ಎದುರಾಳಿ ಟ್ರೇಸರ್‌ನ ಬ್ಲಿಂಕ್‌ನಂಥ ತಪ್ಪಿಸಿಕೊಳ್ಳುವ ಶಕ್ತಿ ಬಳಸಿದ್ದರೆ ಅವನ ಪರವಾಗಿ ತೀರ್ಪು ಕೊಡುತ್ತದೆ.

ಈ ವ್ಯವಸ್ಥೆಯನ್ನು ದುರುಪಯೋಗ ಮಾಡುವವರೂ ಇದ್ದಾರೆ. ತಾನು ನೋಡುತ್ತಿದ್ದುದು ಯಾವ ಟಿಕ್ ಎಂದು ಶೂಟರ್‌ನ ಕಂಪ್ಯೂಟರ್ ಸರ್ವರ್‌ಗೆ ತಿಳಿಸುತ್ತದೆ. ಆ ಸಂಖ್ಯೆಯನ್ನು ತಿದ್ದಿದರೆ, ಎದುರಾಳಿ ಆಗಲೇ ಬಿಟ್ಟುಹೋದ ಜಾಗಕ್ಕೆ ಹೊಡೆದು ಕೊಲ್ಲಬಹುದು. ಇದಕ್ಕೆ ಬ್ಯಾಕ್‌ಟ್ರ್ಯಾಕ್ ಎನ್ನುತ್ತಾರೆ. ವಾಲ್ವ್ ಬಿಡುಗಡೆ ಮಾಡಿದ ಕೋಡ್‌ನಲ್ಲಿ ಸರ್ವರ್ ಆ ಸಂಖ್ಯೆಯನ್ನು ತಾನೇ ಅಳೆದ ವಿಳಂಬದೊಂದಿಗೆ ಹೋಲಿಸಿ, ವ್ಯತ್ಯಾಸ 200 ಮಿಲಿಸೆಕೆಂಡು ಮೀರಿದರೆ ತನ್ನ ಲೆಕ್ಕವನ್ನೇ ಹಿಡಿಯುತ್ತದೆ. ಅದರೊಳಗಿನ ಮೋಸ ನುಸುಳಿಹೋಗುತ್ತದೆ.

ತೀರ್ಪು ಸರಿಯಿದೆಯೇ ಎಂದು ಕಣ್ಣಾರೆ ನೋಡಬೇಕೆನ್ನುವವರು ಸ್ವಂತ ಸರ್ವರ್‌ನಲ್ಲಿ ಈ ಕಮಾಂಡ್‌ಗಳನ್ನು ಕೊಡಬಹುದು:

```
sv_cheats 1
sv_showimpacts 1
```

ಆಟಗಾರನ ಕಂಪ್ಯೂಟರ್ ಗುಂಡು ಬಿತ್ತೆಂದುಕೊಂಡ ಜಾಗದಲ್ಲಿ ಕೆಂಪು ಚೌಕ, ಸರ್ವರ್ ಒಪ್ಪಿದ ಜಾಗದಲ್ಲಿ ನೀಲಿ ಚೌಕ ಮೂಡುತ್ತದೆ. ಎರಡೂ ಒಂದರ ಮೇಲೊಂದು ಕೂತರೆ ಸರ್ವರ್ ಸರಿಯಾದ ಕ್ಷಣಕ್ಕೇ ಹಿಂದೆ ಹೋಗಿದೆ. ಓಡುತ್ತಿರುವ ಎದುರಾಳಿಯ ಮೈಮೇಲೆ ಕೆಂಪು ಮೂಡಿ, ನೀಲಿ ಅವನ ಹಿಂದಿನ ಗೋಡೆಯ ಮೇಲೆ ಮೂಡಿದರೆ, ಶೂಟರ್ ಕಂಡ ಕ್ಷಣವೂ ಸರ್ವರ್ ಆರಿಸಿದ ಕ್ಷಣವೂ ಬೇರೆಯಾಗಿವೆ ಎಂದರ್ಥ.