ಪರಿಚಿತ ಪದಗಳ ಅಪರಿಚಿತ ಅರ್ಥ

ಜಪಾನಿನ ಐಚಿ ಪ್ರಾಂತದ ಒಕಾಜಾಕಿ ನಗರಕ್ಕೆ ಬಂದ ಕನ್ನಡಿಗರಿಗೆ ಮೊದಲ ದಿನವೇ ಒಂದು ಸಮಾಧಾನ ದೊರೆಯುತ್ತದೆ. 'ಬಸು', 'ಹೊತೆರು', 'ತೇಬುರು' ಮುಂತಾಗಿ ಅರ್ಥವಾಗುವ ಪದಗಳು ಎಲ್ಲೆಡೆ ಕಿವಿಗೆ ಬೀಳುತ್ತವೆ. ಇಂಗ್ಲಿಷಿನಿಂದ ಬಂದ ಪದದ ಕೊನೆಗೆ ನಾವು ಸ್ವರ ಸೇರಿಸಿ ಬಸ್ಸು, ಕಾರು ಎನ್ನುವಂತೆ ಜಪಾನೀಯರೂ ಸೇರಿಸುತ್ತಾರೆ. 'ಲ'ಕಾರ ಅವರಲ್ಲಿ 'ರ'ಕಾರವಾಗುತ್ತದೆ. ಹ್ರಸ್ವ-ದೀರ್ಘಗಳ ಭೇದವೂ ನಮ್ಮಂತೆಯೇ ಮುಖ್ಯ: 'ಬಿರು' ಎಂದರೆ ದೊಡ್ಡ ಕಟ್ಟಡ, 'ಬೀರು' ಎಂದರೆ ಮದ್ಯ. ನಮ್ಮ ಮನೆಯ ಬೀರುವಿಗೂ ಇದಕ್ಕೂ ಸಂಬಂಧವಿಲ್ಲ!

ಆದರೆ ಈ ಸಮಾಧಾನವೇ ಒಮ್ಮೆ ನನ್ನನ್ನು ದಾರಿ ತಪ್ಪಿಸಿತು. ಯಜಮಾನರಿಗೆ ತಲೆ ಸುತ್ತಿದಾಗ ಚಿಕಿತ್ಸಾಲಯಕ್ಕೆ ದೂರವಾಣಿ ಮಾಡಿ, ಕಲಿತಿದ್ದ ಅಲ್ಪ ಜಪಾನಿಯಲ್ಲಿ 'ತೆನ್ಶೊನ್ ಗ ತಕಾಯಿ' ಎಂದೆ. ಟೆನ್ಷನ್ ಏರಿದೆ, ಅಂದರೆ ರಕ್ತದೊತ್ತಡ ಹೆಚ್ಚಾಗಿದೆ ಎಂಬುದು ನನ್ನ ಭಾವ. ಅತ್ತ ಕಡೆಯವರು ನಕ್ಕು, ಸಂತೋಷ ಸೂಚಿಸುವ ಧ್ವನಿಯಲ್ಲಿ ಉತ್ತರಿಸಿದರು. ಜಪಾನಿಯಲ್ಲಿ ಆ ಮಾತಿಗೆ 'ಬಹಳ ಉತ್ಸಾಹದಲ್ಲಿದ್ದಾರೆ' ಎಂಬ ಅರ್ಥ! ಉತ್ತರವು ವಿಷಯಕ್ಕೆ ಹೊಂದದಿದ್ದುದರಿಂದಲೇ ತಪ್ಪು ತಿಳಿಯಿತು. ಕೋಶ ತೆರೆದು 'ಕೆತ್ಸುಅತ್ಸು ಗ ತಕಾಯಿ' ಎಂದಾಗ ಕೂಡಲೇ ಕರೆತರಲು ಹೇಳಿದರು. ಬದಲಾದದ್ದು ಒಂದೇ ಪದ. 'ಕೆತ್ಸುಅತ್ಸು' ಎಂದರೆ ರಕ್ತದೊತ್ತಡ.

ವೈದ್ಯರ ಬಳಿ ಇನ್ನೊಂದು ತೊಡಕುಂಟು. ಮೇಜಿ ಕಾಲದಲ್ಲಿ ಜಪಾನು ಜರ್ಮನ್ ವೈದ್ಯಪದ್ಧತಿಯನ್ನು ಸ್ವೀಕರಿಸಿದ್ದರಿಂದ ಅಲ್ಲಿನ ಹಲವು ಪದಗಳು ಜರ್ಮನ್ ಮೂಲದವು. ಅಲರ್ಜಿ ಎಂದರೆ ತಿಳಿಯದಿರಬಹುದು, 'ಅರೆರುಗೀ' ಎನ್ನಬೇಕು. ರೋಗಿಯ ದಾಖಲೆ 'ಕರುತೆ'. ಪರಭಾಷಾ ಪದಗಳನ್ನು ಬರೆಯುವ ಕತಾಕಾನ ಲಿಪಿಯಲ್ಲಿದ್ದ ಮಾತ್ರಕ್ಕೆ ಪದವು ಇಂಗ್ಲಿಷಿನದೆಂದು ನಂಬಲಾಗದು.

ಐಚಿಯ ಕಾಫಿ ಅಂಗಡಿಗಳಲ್ಲಿ 'ಮೋನಿಂಗು' ಎಂದರೆ ಬೆಳಗಿನ ಕಾಫಿಯ ಬೆಲೆಯಲ್ಲೇ ಸಿಗುವ ಉಪಾಹಾರ. 'ಸಾಬಿಸು' ಎಂದರೆ ಬಹುಮಟ್ಟಿಗೆ ಉಚಿತವಾಗಿ ಕೊಟ್ಟದ್ದು. ಸಾಮಾನ್ಯವಾಗಿ ಸುಟ್ಟ ಬ್ರೆಡ್ಡಿನೊಡನೆ ಬೇಯಿಸಿದ ಮೊಟ್ಟೆಯೂ ಕೇಳದೆಯೇ ಬರುತ್ತದೆ. ಸಸ್ಯಾಹಾರಿಗಳು ಮೊದಲೇ 'ತಮಾಗೊ ನಶಿ', ಅಂದರೆ ಮೊಟ್ಟೆ ಬೇಡ, ಎನ್ನುವುದು ಕ್ಷೇಮ.

ಇಷ್ಟು ವರ್ಷಗಳ ಅನುಭವದಿಂದ ನಾನು ಕಂಡುಕೊಂಡ ಕ್ರಮವಿದು. ಪಶ್ಚಿಮದಿಂದ ಬಂದ, ಕೈಯಿಂದ ತೋರಿಸಬಲ್ಲ ವಸ್ತುಗಳ ಹೆಸರುಗಳನ್ನು ಜಪಾನಿ ಉಚ್ಚಾರದಲ್ಲಿ ಬಹುಮಟ್ಟಿಗೆ ನಂಬಬಹುದು. ಅವುಗಳಲ್ಲಿಯೂ ಅಪವಾದಗಳುಂಟು: 'ಸುತೋಬು' ಅಡುಗೆಯ ಒಲೆಯಲ್ಲ, ಕೋಣೆಯನ್ನು ಬೆಚ್ಚಗಿಡುವ ಸಾಧನ. ಮನುಷ್ಯನ ಗುಣ, ಭಾವ, ವ್ಯವಹಾರಗಳನ್ನು ಸೂಚಿಸುವ ಪದಗಳನ್ನು ಮಾತ್ರ ಪರೀಕ್ಷಿಸದೆ ಬಳಸಬಾರದು. 'ಸುಮಾತೊ' ಎಂದರೆ ಜಾಣರಲ್ಲ, ತೆಳ್ಳಗಿರುವವರು. 'ಕುರೇಮು' ಎಂದರೆ ವಿಮೆಯ ಕ್ಲೇಮು ಅಲ್ಲ, ದೂರು. ದೇಹ, ಹಣ, ಒಪ್ಪಂದಗಳ ಮಾತು ಬಂದಾಗ ಅಚ್ಚ ಜಪಾನಿ ಪದವನ್ನೇ ಬರೆದಿಟ್ಟುಕೊಂಡು ಹೋಗುವುದು ಲೇಸು. ನಮ್ಮ ಮನೆಯ ದೂರವಾಣಿಯ ಪಕ್ಕದಲ್ಲಿ 'ಕೆತ್ಸುಅತ್ಸು' ಎಂದು ಬರೆದ ಚೀಟಿ ಇಂದಿಗೂ ಇದೆ.