ಹಸುಗೂಸಿನ ಬಿಕ್ಕಳಿಕೆಗೆ ಹೆದರಬೇಡಿ, ಬಿಳಿಚಿದ ಮಲವನ್ನು ಕಡೆಗಣಿಸಬೇಡಿ

ಮಗು ಹುಟ್ಟಿ ಮನೆಗೆ ಬಂದ ಮೊದಲ ವಾರ ಎಲ್ಲರ ಕಣ್ಣೂ ತೊಟ್ಟಿಲ ಮೇಲೇ ಇರುತ್ತದೆ. ಮಗು ಬಿಕ್ಕಳಿಸಿದರೆ ಒಬ್ಬರು ಓಡಿ ಬರುತ್ತಾರೆ, ಸೀನಿದರೆ ಇನ್ನೊಬ್ಬರು ಕಿಟಕಿ ಮುಚ್ಚುತ್ತಾರೆ. ನಿದ್ದೆಯಲ್ಲಿ ಬೆಚ್ಚಿಬಿದ್ದರೆ ದೃಷ್ಟಿ ತೆಗೆಯುವ ಮಾತು ಬರುತ್ತದೆ, ಮಲ ಹಸಿರಾಗಿದ್ದರೆ ತಾಯಿಯ ಊಟದ ವಿಚಾರಣೆಯೇ ನಡೆಯುತ್ತದೆ. ಈ ಕಾಳಜಿ ತಪ್ಪಲ್ಲ. ಆದರೆ ಇವುಗಳಲ್ಲಿ ಬಹುಪಾಲು ಆರೋಗ್ಯವಂತ ಮಗುವಿನ ಲಕ್ಷಣಗಳೇ. ನಿಜವಾಗಿ ಅವಸರದಿಂದ ಆಸ್ಪತ್ರೆಗೆ ಕರೆದೊಯ್ಯಬೇಕಾದ ಒಂದು ಚಿಹ್ನೆ ಮಾತ್ರ ಯಾರನ್ನೂ ಹೆದರಿಸದೆ ಲಂಗೋಟಿಯಲ್ಲೇ ಉಳಿದುಬಿಡುತ್ತದೆ.

ಒಂದು ಮಗುವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳು ತುಂಬಿ ಹುಟ್ಟಿದ, ಮೂರು ಕೆಜಿ ತೂಕದ ಹೆಣ್ಣುಮಗು. ತಾಯಿಗೆ ಇದು ಚೊಚ್ಚಲ ಹೆರಿಗೆ, ಮಗುವಿಗೆ ತಾಯಿಯ ಹಾಲೊಂದೇ ಆಹಾರ.

ಮನೆಗೆ ಬಂದ ದಿನವೇ ಮಗು ಹಾಲು ಕುಡಿದ ಮೇಲೆ ಬಿಕ್ಕಳಿಸತೊಡಗುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ತಟ್ಟನೆ ಸಂಕುಚಿಸುವುದೇ ಬಿಕ್ಕಳಿಕೆ. ಹೊಟ್ಟೆ ತುಂಬಿ ಉಬ್ಬಿದಾಗ, ಹಾಲಿನ ಜೊತೆ ಗಾಳಿ ಒಳಹೋದಾಗ ಅದು ಸುಲಭವಾಗಿ ಶುರುವಾಗುತ್ತದೆ. ಗರ್ಭದಲ್ಲಿದ್ದಾಗಲೂ ಮಗು ಬಿಕ್ಕಳಿಸುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯೊಳಗೆ ಒಂದೇ ತಾಳದಲ್ಲಿ ಬಡಿದಂತೆ ಆಗುತ್ತಿತ್ತು ಎಂದು ಎಷ್ಟೋ ತಾಯಂದಿರು ಹೇಳುತ್ತಾರಲ್ಲ, ಅದು ಇದೇ. ಮಗುವಿಗೆ ಇದರಿಂದ ನೋವಿಲ್ಲ. ಬಿಕ್ಕಳಿಸುತ್ತಲೇ ನಿದ್ದೆಹೋಗುವ ಮಕ್ಕಳೂ ಇದ್ದಾರೆ. ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿದರೆ ಸಾಕು, ಉಳಿದದ್ದು ತಾನಾಗಿ ನಿಲ್ಲುತ್ತದೆ. ಒದ್ದೆ ನೂಲಿನ ಎಳೆಯನ್ನು ಹಣೆಗೆ ಅಂಟಿಸಿದರೆ ಉಪಯೋಗವೂ ಇಲ್ಲ, ತೊಂದರೆಯೂ ಇಲ್ಲ. ಆದರೆ ನೀರು ಕುಡಿಸುವುದು, ಬಜೆ ತೇಯ್ದು ನೆಕ್ಕಿಸುವುದು, ಜೇನು ಸವರುವುದು ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಆ ವಿಷದಿಂದ ಮಗುವಿನ ಸ್ನಾಯುಗಳು ಸೋಲುತ್ತವೆ, ಉಸಿರಾಟಕ್ಕೂ ಕುತ್ತು ಬರಬಹುದು.

ಸೀನಿನ ವಿಷಯವೂ ಹೀಗೆಯೇ. ಹಸುಗೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ, ಆ ಮೂಗಿನ ಹಾದಿಯೋ ಬಹಳ ಕಿರಿದು. ಧೂಳಿನ ಕಣ, ಬಟ್ಟೆಯ ಎಳೆ, ಮೇಲಕ್ಕೆ ಬಂದ ಹಾಲಿನ ಹನಿ ಏನೇ ಸಿಕ್ಕಿಕೊಂಡರೂ ಹೊರಹಾಕಲು ಮಗುವಿಗೆ ಸೀನಲ್ಲದೆ ಬೇರೆ ದಾರಿಯಿಲ್ಲ. ದಿನಕ್ಕೆ ಹಲವು ಸಲ ಸೀನಿದ ಮಾತ್ರಕ್ಕೆ ಶೀತ ಆಗಿದೆ ಎನ್ನಲಾಗದು. ಸ್ನಾನವಾದ ಮೇಲೆ ಕೋಣೆ ತುಂಬ ಸಾಂಬ್ರಾಣಿ ಹೊಗೆ ಹಾಕಿದರೆ ಸೀನು ಹೆಚ್ಚುತ್ತದೆ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಹುದು, ಆದ್ದರಿಂದ ಆ ರೂಢಿಯನ್ನು ನಿಲ್ಲಿಸಲೇಬೇಕು. ಶಾಂತವಾಗಿ ಮಲಗಿರುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರವತ್ತು ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ. ಮತ್ತೆಯೂ ಅಷ್ಟೇ ಇದ್ದರೆ, ಎದೆಯ ಕೆಳಭಾಗ ಪ್ರತಿ ಉಸಿರಿಗೂ ಒಳಕ್ಕೆ ಸೆಳೆಯುತ್ತಿದ್ದರೆ, ಜ್ವರವಿದ್ದರೆ ಅಥವಾ ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಬೆಚ್ಚಿಬೀಳುವುದನ್ನು ಮಾತ್ರ ತುಸು ನಿಧಾನವಾಗಿ ನೋಡಬೇಕು. ಪಾತ್ರೆ ಬಿದ್ದ ಸದ್ದಾದಾಗ, ಎತ್ತಿಕೊಂಡ ಮಗುವನ್ನು ಹಾಸಿಗೆಗೆ ಇಳಿಸುವಾಗ ತಲೆ ಸ್ವಲ್ಪ ಹಿಂದಕ್ಕೆ ವಾಲಿದಾಗ, ಮಗು ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ಬೆರಳು ಬಿಡಿಸುತ್ತದೆ. ಮರುಕ್ಷಣ ತೋಳುಗಳನ್ನು ಎದೆಯ ಕಡೆಗೆ ತಂದುಕೊಳ್ಳುತ್ತದೆ, ಆಮೇಲೆ ಅಳುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ಮಕ್ಕಳ ವೈದ್ಯ ಅರ್ನ್ಸ್ಟ್ ಮೊರೊ 1918ರಲ್ಲಿ ಇದನ್ನು ವಿವರಿಸಿದ್ದರಿಂದ ವೈದ್ಯರು ಇದನ್ನು ಮೊರೊ ಪ್ರತಿಕ್ರಿಯೆ ಎನ್ನುತ್ತಾರೆ. ಹೆರಿಗೆಯಾದ ಕೂಡಲೇ ವೈದ್ಯರು ಇದನ್ನು ಬೇಕೆಂದೇ ಬರಿಸಿ ನೋಡುತ್ತಾರೆ. ಏಕೆಂದರೆ ಇದು ಬರದಿದ್ದರೆ ನರಮಂಡಲದಲ್ಲಿ ತೊಂದರೆಯಿರಬಹುದು. ಒಂದೇ ತೋಳು ಚಾಚಿ ಇನ್ನೊಂದು ಸುಮ್ಮನಿದ್ದರೆ ಹೆರಿಗೆಯ ಹೊತ್ತಿನಲ್ಲಿ ಆ ತೋಳಿನ ನರಕ್ಕೋ ಕೊರಳೆಲುಬಿಗೋ ಪೆಟ್ಟಾಗಿರಬಹುದು. ಮೂರನೆಯ ತಿಂಗಳಿಂದ ಇದು ಕಡಿಮೆಯಾಗುತ್ತ ಆರು ತಿಂಗಳೊಳಗೆ ಮಾಯವಾಗುತ್ತದೆ.

ಹಳ್ಳಿಗಳಲ್ಲಿ ಇದನ್ನು ಕಂಡು ಬಾಲಗ್ರಹ ಎಂದು ಹೆದರುವವರಿದ್ದಾರೆ, ಪಟ್ಟಣದಲ್ಲಿ ಅದೇ ಹೆದರಿಕೆಗೆ ಫಿಟ್ಸ್ ಎಂಬ ಹೆಸರು. ಎರಡನ್ನೂ ಬೇರೆಮಾಡಿ ನೋಡಲು ಕೈಯೇ ಸಾಕು. ನಡುಗುತ್ತಿರುವ ತೋಳನ್ನೋ ಕಾಲನ್ನೋ ಮೃದುವಾಗಿ ಹಿಡಿದು ಸ್ವಲ್ಪ ಮಡಿಸಿ. ಬರೀ ಬೆಚ್ಚುವಿಕೆಯೋ ಹಸುಗೂಸಿನ ಸಹಜ ನಡುಕವೋ ಆದರೆ ನಿಮ್ಮ ಕೈಯಲ್ಲಿ ನಿಂತುಬಿಡುತ್ತದೆ. ಫಿಟ್ಸ್ ಆದರೆ ಹಿಡಿದರೂ ಎಳೆತ ಮುಂದುವರಿಯುತ್ತದೆ. ಅದರ ಜೊತೆಗೆ ಕಣ್ಣು ಒಂದೇ ಕಡೆ ನೆಟ್ಟಿರಬಹುದು, ತುಟಿ ಚಪ್ಪರಿಸುವಂಥ ಚಲನೆ ಇರಬಹುದು, ಮೈ ನೀಲಿಗಟ್ಟಬಹುದು. ಅಂಥದ್ದು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಕೂಡಲೇ ಹೊರಡಿ. ವೈದ್ಯರಿಗೆ ಮಾತಿನ ವಿವರಣೆಗಿಂತ ವಿಡಿಯೊ ಹೆಚ್ಚು ಹೇಳುತ್ತದೆ. ನಡುಕ ಹಿಡಿದರೆ ನಿಂತು, ಬಿಟ್ಟರೆ ಮತ್ತೆ ಮತ್ತೆ ಬರುತ್ತಿದ್ದರೂ ತೋರಿಸುವುದು ಒಳ್ಳೆಯದು, ರಕ್ತದಲ್ಲಿ ಸಕ್ಕರೆ ಇಳಿದಿದ್ದರೆ ಹಾಗಾಗುತ್ತದೆ.

ಇನ್ನು ಮಲದ ಬಣ್ಣ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ನಮ್ಮ ಉದಾಹರಣೆಯ ಮಗು ಹುಟ್ಟಿದ ದಿನ ಮಾಡಿದ ಮಲ ಕಡುಹಸಿರು ಬೆರೆತ ಕಪ್ಪು, ಟಾರಿನ ಹಾಗೆ ಅಂಟು. ಅದು ಹಾಲಿನಿಂದಾದದ್ದಲ್ಲ. ಗರ್ಭದಲ್ಲಿ ನುಂಗಿದ ನೀರು, ಉದುರಿದ ಜೀವಕೋಶಗಳು, ಎಳೆಯ ಕೂದಲು ಮತ್ತು ಪಿತ್ತರಸ ಸೇರಿ ಕರುಳಿನಲ್ಲಿ ಕೂಡಿಟ್ಟದ್ದು. ತಿಂಗಳು ತುಂಬಿದ ಮಗು ಸಾಮಾನ್ಯವಾಗಿ 24 ಗಂಟೆಯೊಳಗೆ ಇದನ್ನು ಹೊರಹಾಕುತ್ತದೆ. ಅಷ್ಟರಲ್ಲಿ ಆಗದಿದ್ದರೆ ವೈದ್ಯರಿಗೆ ಹೇಳಲೇಬೇಕು. ಹೊಟ್ಟೆ ಉಬ್ಬಿ ಹಸಿರು ವಾಂತಿಯೂ ಆದರೆ ಕರುಳಿಗೆ ಅಡ್ಡಿ ಬಂದಿರುವ ಸಾಧ್ಯತೆಯಿದೆ. ಹೊಟ್ಟೆ ಶುದ್ಧವಾಗಲೆಂದು ಹರಳೆಣ್ಣೆ ಹಾಕುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದರ ಅಗತ್ಯವೇ ಇಲ್ಲ, ಮೊದಲ ದಿನಗಳ ಹಳದಿ ಗಿಣ್ಣುಹಾಲೇ ಆ ಕೆಲಸ ಮಾಡುತ್ತದೆ.

ಮೂರನೆಯ ದಿನ ಮಲ ಹಸಿರುಮಿಶ್ರಿತ ಕಂದಾಗುತ್ತದೆ. ಐದನೆಯ ದಿನದ ಹೊತ್ತಿಗೆ ಹಳದಿಗೆ ತಿರುಗಿ, ತೆಳ್ಳಗಾಗಿ, ನಡುವೆ ಸಣ್ಣ ಕಾಳುಗಳಂಥ ಗಟ್ಟಿ ಚೂರುಗಳು ಕಾಣುತ್ತವೆ. ಪ್ರತಿ ಸಲ ಹಾಲು ಕುಡಿದಾಗಲೂ ಒಂದಿಷ್ಟು ಮಲ ಆಗುವುದೂ ಉಂಟು, ಹೊಟ್ಟೆ ಹಿಗ್ಗಿದೊಡನೆ ಕರುಳು ಚಲಿಸುವುದೇ ಕಾರಣ. ಇದನ್ನು ಭೇದಿ ಎಂದುಕೊಂಡು ಬಾಣಂತಿಯ ತಟ್ಟೆಯಿಂದ ಸೊಪ್ಪು, ಹಣ್ಣು, ಕೆಲವೊಮ್ಮೆ ಕುಡಿಯುವ ನೀರನ್ನೂ ತೆಗೆದುಬಿಡುತ್ತಾರೆ. ಇದರಿಂದ ಸೊರಗುವವಳು ತಾಯಿ. ಮಗು ಚೆನ್ನಾಗಿ ಹಾಲು ಕುಡಿಯುತ್ತ, ಐದನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತ, ಮೊದಲ ದಿನಗಳಲ್ಲಿ ಕಳೆದುಕೊಂಡ ತೂಕವನ್ನು ಎರಡು ವಾರದೊಳಗೆ ಮರಳಿ ಪಡೆದರೆ ಅದು ಭೇದಿಯಲ್ಲ. ಮಲ ಇದ್ದಕ್ಕಿದ್ದಂತೆ ಬರೀ ನೀರಾಗಿ, ಎಂದಿಗಿಂತ ಹೆಚ್ಚು ಸಲ ಆಗಿ, ಮಗು ಮಂಕಾದರೆ ಮಾತು ಬೇರೆ. ರಕ್ತ ಕಂಡರೂ ತೋರಿಸಿ. ತಾಯಿಯ ಮೊಲೆತೊಟ್ಟು ಬಿರಿದು ಆ ರಕ್ತವನ್ನೇ ಮಗು ನುಂಗಿರಬಹುದು, ಆದರೂ ಅದನ್ನು ವೈದ್ಯರೇ ನೋಡಿ ಹೇಳಬೇಕು. ಒಂದೂವರೆ ತಿಂಗಳು ಕಳೆದ ಮೇಲೆ ಎದೆಹಾಲಿನ ಮಗು ವಾರಗಟ್ಟಲೆ ಮಲ ಮಾಡದೆಯೂ ಇರಬಹುದು. ಹೊಟ್ಟೆ ಮೆತ್ತಗಿದ್ದು, ಕೊನೆಗೆ ಆದ ಮಲವೂ ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ.

ಕಪ್ಪಿನಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವ ಈ ಬಣ್ಣಗಳಿಗೆಲ್ಲ ಮೂಲ ಪಿತ್ತಜನಕಾಂಗದಿಂದ ಕರುಳಿಗೆ ಹರಿದುಬರುವ ಪಿತ್ತರಸ. ಅದು ಕರುಳಿನಲ್ಲಿ ಬೇಗ ಸಾಗಿದರೆ ಹಸಿರು ಉಳಿಯುತ್ತದೆ, ನಿಧಾನವಾದರೆ ಹಳದಿಯಾಗುತ್ತದೆ, ಅಷ್ಟೇ. ಪಿತ್ತರಸ ಕರುಳಿಗೆ ಬರುವುದೇ ನಿಂತಾಗ ಮಲಕ್ಕೆ ಬಣ್ಣವೇ ಇರುವುದಿಲ್ಲ: ಬಿಳಿ, ಬೂದು ಅಥವಾ ತೀರ ಪೇಲವವಾದ ಕೆನೆಬಣ್ಣ. ಹಾಗಾಗುವ ಕಾರಣಗಳಲ್ಲಿ ಮುಖ್ಯವಾದದ್ದು ಪಿತ್ತನಾಳ ಮುಚ್ಚಿಹೋಗುವ ರೋಗ, ಬಿಲಿಯರಿ ಅಟ್ರೀಸಿಯಾ. ಇದು ಅಪರೂಪ. ಆದರೆ ಈ ಮಗು ಮೊದಲ ವಾರಗಳಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ, ಹಾಲು ಕುಡಿಯುತ್ತದೆ, ತೂಕವೂ ಏರುತ್ತದೆ. ಕಣ್ಣು ತುಸು ಹಳದಿಯಿದ್ದರೆ "ಹುಟ್ಟಿದ ಮಕ್ಕಳಿಗೆಲ್ಲ ಕಾಮಾಲೆ ಇರತ್ತೆ, ಬಿಸಿಲಿಗೆ ಹಿಡಿಯಿರಿ" ಎಂದು ಹೇಳಿ ಮನೆಯವರು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಹೊರಹೋಗಲಾರದ ಪಿತ್ತರಸ ಪಿತ್ತಜನಕಾಂಗವನ್ನೇ ಕೆಡಿಸುತ್ತಿರುತ್ತದೆ.

ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯ್ 1950ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಮುಚ್ಚಿದ ನಾಳಗಳನ್ನು ತೆಗೆದು ಕರುಳಿನ ಒಂದು ತುಂಡನ್ನೇ ನೇರವಾಗಿ ಪಿತ್ತಜನಕಾಂಗಕ್ಕೆ ಜೋಡಿಸುತ್ತಾರೆ. ಮಗುವಿಗೆ 60 ದಿನ ತುಂಬುವ ಮುನ್ನ ಮಾಡಿದರೆ ಫಲ ಚೆನ್ನ, ತಡವಾದಷ್ಟೂ ಸಾಧ್ಯತೆ ಕುಗ್ಗುತ್ತದೆ. ಅದು ಕೈಕೊಟ್ಟರೆ ಉಳಿಯುವುದು ಪಿತ್ತಜನಕಾಂಗದ ಕಸಿ ಮಾತ್ರ. ತೈವಾನ್ 2004ರಿಂದ ದೇಶಾದ್ಯಂತ ತಾಯಂದಿರಿಗೆ ಮಲದ ಬಣ್ಣಗಳನ್ನು ಮುದ್ರಿಸಿದ ಕಾರ್ಡು ಕೊಡುತ್ತಿದೆ. ಸಹಜ ಬಣ್ಣ ಯಾವುದು, ಅನುಮಾನಿಸಬೇಕಾದ್ದು ಯಾವುದು ಎಂದು ತಾಯಿಯೇ ಹೋಲಿಸಿ ನೋಡುತ್ತಾಳೆ. ಅದರಿಂದ ಅಲ್ಲಿ ರೋಗ ಬೇಗ ಪತ್ತೆಯಾಗತೊಡಗಿತು, 60 ದಿನದೊಳಗೆ ಶಸ್ತ್ರಚಿಕಿತ್ಸೆ ಪಡೆಯುವ ಮಕ್ಕಳ ಪ್ರಮಾಣವೂ ಏರಿತು. ನಮ್ಮ ತಾಯಿ ಕಾರ್ಡಿನಲ್ಲೂ ಅಂಥ ಒಂದು ಬಣ್ಣದ ಪಟ್ಟಿ ಪ್ರತಿ ತಾಯಿಯ ಕೈಗೆ ಸಿಗಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಕಾರ್ಡು ಇಲ್ಲದೆಯೂ ನೋಡಬಹುದು. ಮಲದ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ, ಬಲ್ಬಿನ ಹಳದಿ ಬೆಳಕು ಮೋಸಮಾಡುತ್ತದೆ. ಮೊದಲ ವಾರ ಹಳದಿಯಿದ್ದ ಮಲ ಕ್ರಮೇಣ ಬಿಳಿಚಬಹುದು, ಆದ್ದರಿಂದ ಒಮ್ಮೆ ನೋಡಿ ಬಿಡಬೇಡಿ. ಮೂತ್ರವನ್ನೂ ಗಮನಿಸಿ. ಹಸುಗೂಸಿನ ಮೂತ್ರ ಸಾಮಾನ್ಯವಾಗಿ ಬಣ್ಣವಿಲ್ಲದ್ದು, ಅದು ಬಿಳಿ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತಿದ್ದರೆ ಅದೂ ಎಚ್ಚರಿಕೆಯೇ. ಕಣ್ಣಿನ ಹಳದಿ 14 ದಿನ ಕಳೆದರೂ ಹೋಗದಿದ್ದರೆ ವೈದ್ಯರ ಬಳಿ ಹೋಗಿ, ರಕ್ತದಲ್ಲಿ ಒಟ್ಟು ಬಿಲಿರುಬಿನ್ ಮಾತ್ರವಲ್ಲ, ಡೈರೆಕ್ಟ್ ಬಿಲಿರುಬಿನ್ ಎಷ್ಟಿದೆ ಎಂದೂ ಪರೀಕ್ಷಿಸಲು ಕೇಳಿ. ಪಿತ್ತರಸಕ್ಕೆ ಅಡ್ಡಿಯಿದೆಯೇ ಎಂಬುದರ ಸುಳಿವು ಕೊಡುವುದು ಅದೇ.

ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ 42ನೆಯ ದಿನದವರೆಗೆ ಆರು ಸಲ ಮನೆಗೆ ಬರುತ್ತಾರೆ. ಅವರು ಬಂದಾಗ ಲಂಗೋಟಿ ಬಿಚ್ಚಿ ತೋರಿಸಲು ಸಂಕೋಚಪಡಬೇಡಿ. ಅನುಮಾನ ಬಂದ ದಿನವೇ ಒಂದು ಫೋಟೊ ತೆಗೆದು, ಸಾಧ್ಯವಾದರೆ ಆ ಬಟ್ಟೆಯನ್ನೇ ಮಡಚಿ ವೈದ್ಯರ ಬಳಿಗೆ ಒಯ್ಯಿರಿ. ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಕೇಳಿದರಾಯಿತು ಎಂದು ಕಾಯಬೇಡಿ, ಆಗ 60 ದಿನ ತುಂಬಲು ಉಳಿದಿರುವುದು ಎರಡೂವರೆ ವಾರ ಮಾತ್ರ.